ಒಂದೇ ದಿನ ಶುರುವಾದ ಮೂರು ಪಾಲಿಸಿ: 30 ದಿನ, 24 ತಿಂಗಳು, 36 ತಿಂಗಳು ನಮ್ಮ ಮನೇಲಿ ಏನು ಮಾಡಿದವು

2024ರ ಜೂನ್ 12ಕ್ಕೆ ನಮ್ಮ ಮನೇಲಿ ಮೂರು ಆರೋಗ್ಯ ವಿಮೆ ಪಾಲಿಸಿ ಒಟ್ಟಿಗೇ ಶುರುವಾದವು. ನನಗೊಂದು, ಅಪ್ಪನಿಗೊಂದು, ಅಮ್ಮನಿಗೊಂದು. ನನ್ನದೂ ಅಪ್ಪನದೂ ಒಂದೇ ಕಂಪನಿಯ ಸಾದಾ ಪಾಲಿಸಿ. ಅಮ್ಮನದು ಬೇರೆ ಕಂಪನಿಯದು. ಅದರಲ್ಲಿ ಜಾಸ್ತಿ ದುಡ್ಡು ಕೊಟ್ಟು, ಹಳೇ ಕಾಯಿಲೆಗೆ ಕಾಯುವ ಅವಧಿಯನ್ನು, ಅಂದರೆ ಪಾಲಿಸಿ ಇದ್ದರೂ ಕ್ಲೇಮ್ ಸಿಗದ ಕಾಲವನ್ನು, 36 ತಿಂಗಳಿಂದ 12 ತಿಂಗಳಿಗೆ ಇಳಿಸುವ ರೈಡರ್ ತಗೊಂಡಿದ್ದೆ. ಇದರ ಜೊತೆಗೆ ನನಗೆ ಆಫೀಸಿನ ಗ್ರೂಪ್ ಪಾಲಿಸಿ ಬೇರೆ ಇತ್ತು. ಒಂದೂವರೆ ವರ್ಷದಲ್ಲಿ ನಾಲ್ಕೂ ಒಂದಲ್ಲ ಒಂದು ರೀತಿ ಪರೀಕ್ಷೆಗೆ ಬಂದವು. ಯಾವುದು ಎಲ್ಲಿ ಕೈ ಹಿಡಿಯಿತು, ಎಲ್ಲಿ ಕೈಕೊಟ್ಟಿತು ಅಂತ ಹೇಳ್ತೀನಿ. ಕಂಪನಿಗಳ ಹೆಸರು ಹಾಕಲ್ಲ, ಯಾಕಂದ್ರೆ 30 ದಿನ, 24 ತಿಂಗಳು, 36 ತಿಂಗಳು ಅನ್ನೋ ಈ ಮೂರು ಕಾಯುವ ಅವಧಿ ಹೆಚ್ಚುಕಮ್ಮಿ ಎಲ್ಲಾ ಕಡೆ ಒಂದೇ ಥರ ಇರುತ್ತವೆ.

ಮೊದಲ ಏಟು ಬಿದ್ದಿದ್ದು ನನಗೇ. ಆ ವರ್ಷ ಮಳೆಗಾಲದಲ್ಲಿ ಬೆಂಗಳೂರಲ್ಲಿ ಡೆಂಗಿ ಹೇಗೆ ಹಬ್ಬಿತ್ತು ನೆನಪಿದೆ ಅಲ್ವಾ? ಜುಲೈ 4ಕ್ಕೆ ಪ್ಲೇಟ್‌ಲೆಟ್ ಕೆಳಗಿಳಿದು ಅಡ್ಮಿಟ್ ಆದೆ. ಪಾಲಿಸಿ ಶುರುವಾಗಿ ಅದು 23ನೇ ದಿನ. ಪಾಲಿಸಿ ಪುಸ್ತಕದಲ್ಲಿ Excl03 ಅಂತ ಒಂದು ಷರತ್ತು ಇರುತ್ತೆ. ಮೊದಲ ಪಾಲಿಸಿ ಶುರುವಾದ 30 ದಿನದೊಳಗೆ ಯಾವ ಕಾಯಿಲೆಗೆ ಚಿಕಿತ್ಸೆ ತಗೊಂಡರೂ ಅದು ದುಡ್ಡು ಕೊಡಲ್ಲ. ಅಪಘಾತಕ್ಕೆ ಮಾತ್ರ ವಿನಾಯಿತಿ. ಗಾಡಿಯಿಂದ ಬಿದ್ದು ಕೈ ಮುರಿದುಕೊಂಡಿದ್ದರೆ ಎರಡನೇ ದಿನಕ್ಕೂ ಕ್ಲೇಮ್ ಆಗುತ್ತಿತ್ತು. ಸೊಳ್ಳೆ ಕಚ್ಚಿದ್ದು ಅಪಘಾತ ಅಲ್ಲವಂತೆ! ನಾಲ್ಕು ರಾತ್ರಿಗೆ 62 ಸಾವಿರ ಬಿಲ್ ಆಯ್ತು. ಅದನ್ನು ಕಟ್ಟಿದ್ದು ಆಫೀಸಿನ ಪಾಲಿಸಿ, ಯಾಕಂದ್ರೆ ನಮ್ಮ ಆಫೀಸು ತಗೊಂಡಿದ್ದ ಗ್ರೂಪ್ ಪಾಲಿಸಿಯಲ್ಲಿ ಈ ಮೂರೂ ಅವಧಿಗಳನ್ನು ಮನ್ನಾ ಮಾಡಿದ್ದರು. ಬಹಳಷ್ಟು ಆಫೀಸು ಪಾಲಿಸಿಗಳಲ್ಲಿ ಹೀಗೇ ಇರುತ್ತೆ, ಆದರೆ ಎಲ್ಲದರಲ್ಲೂ ಅಲ್ಲ. ಎಚ್‌ಆರ್ ಹತ್ರ ಕೇಳಿ ಖಾತ್ರಿ ಮಾಡ್ಕೊಳ್ಳಿ.

30 ದಿನದ ಈ ಅವಧಿ ಮೂರರಲ್ಲಿ ಅತಿ ಚಿಕ್ಕದು, ಅತಿ ಸರಳ. ಒಂದು ಸಲ ಕಳೆದರೆ ಮುಗೀತು, ರಿನ್ಯೂ ಮಾಡುತ್ತಾ ಹೋದರೆ ಮತ್ತೆ ಬರಲ್ಲ. ಹೊಸಬರು ಇದಕ್ಕೆ ತಲೆ ಕೆಡಿಸಿಕೊಳ್ಳುವುದು ಬೇಡ. ಆದರೆ ಹಳೇ ಪಾಲಿಸಿ ಮುಗಿಯೋಕೆ ಮುಂಚೆಯೇ ಹೊಸದನ್ನು ಶುರು ಮಾಡ್ಕೊಳ್ಳಿ. ಕೆಲಸ ಬಿಟ್ಟ ಮೇಲೆ ತಗೊಂಡರಾಯ್ತು ಅಂದುಕೊಂಡವರಿಗೆ ಈ ಒಂದು ತಿಂಗಳು ಪೂರ್ತಿ ಬಯಲು.

ಈಗ ಅಮ್ಮನ ಪಾಲಿಸಿಗೆ ಬರೋಣ. ನಾನು ಮೋಸ ಹೋಗಿದ್ದು ಅಲ್ಲೇ. ಮೋಸ ಅನ್ನೋದಕ್ಕಿಂತ, ಓದದೇ ಸಹಿ ಹಾಕಿದ್ದು. ಅಮ್ಮನಿಗೆ ಆರು ವರ್ಷದಿಂದ ಶುಗರ್. ಸಾದಾ ಪಾಲಿಸಿಯಲ್ಲಿ ಶುಗರಿಗೆ ಸಂಬಂಧಿಸಿದ ಅಡ್ಮಿಷನ್‌ಗೆ 36 ತಿಂಗಳು ಕಾಯಬೇಕು. ಇದು Excl01, ಮೊದಲೇ ಇದ್ದ ಕಾಯಿಲೆಯ ಷರತ್ತು. ಮೊದಲು ಇದು 48 ತಿಂಗಳವರೆಗೂ ಇರಬಹುದಿತ್ತು, 2024ರ ಏಪ್ರಿಲ್‌ನಿಂದ ವಿಮೆ ಕಂಪನಿಗಳನ್ನು ನಿಯಂತ್ರಿಸುವ ಐಆರ್‌ಡಿಎಐ ಅದನ್ನು ಗರಿಷ್ಠ 36ಕ್ಕೆ ಇಳಿಸಿತು. ರೈಡರ್ ಹಾಕಿಸಿದರೆ 12 ತಿಂಗಳು. ಏಜೆಂಟ್ ಫೋನಲ್ಲಿ ಹೇಳಿದ್ದು ಇಷ್ಟು: "ಸಾರ್, ಒಂದು ವರ್ಷ ಆದ್ಮೇಲೆ ಎಲ್ಲಾ ಕವರ್." ವರ್ಷಕ್ಕೆ ಸುಮಾರು ಐದು ಸಾವಿರ ಜಾಸ್ತಿ. ಸರಿ ಅಂದೆ.

2025ರ ಆಗಸ್ಟಲ್ಲಿ ಅಮ್ಮನಿಗೆ ಕಣ್ಣು ಮಂಜಾಯಿತು. ಎರಡೂ ಕಣ್ಣಲ್ಲಿ ಪೊರೆ, ಬಲಗಣ್ಣಲ್ಲಿ ಜಾಸ್ತಿ. ಪಾಲಿಸಿಗೆ 14 ತಿಂಗಳು ಕಳೆದಿತ್ತು, ರೈಡರಿನ ಒಂದು ವರ್ಷವೂ ಮುಗಿದಿತ್ತು. ಧೈರ್ಯವಾಗಿ ಕ್ಯಾಶ್‌ಲೆಸ್‌ಗೆ ಹಾಕಿದೆವು. ಎರಡು ಗಂಟೆಯಲ್ಲಿ ತಿರಸ್ಕಾರದ ಪತ್ರ ಬಂತು, ಕಾರಣದ ಜಾಗದಲ್ಲಿ Excl02 ಅಂತ ಬರೆದಿತ್ತು. ಆಸ್ಪತ್ರೆಯ ಇನ್ಶೂರೆನ್ಸ್ ಡೆಸ್ಕಿನಲ್ಲಿದ್ದ ಹುಡುಗಿ ನನ್ನ ಮುಖ ನೋಡಿ, "ಇದು ಪಟ್ಟಿ ಕಾಯಿಲೆ ಸಾರ್, ರೈಡರಿಗೂ ಇದಕ್ಕೂ ಸಂಬಂಧ ಇಲ್ಲ" ಅಂದಳು. ಹದಿನಾಲ್ಕು ತಿಂಗಳು ಕಂತು ಕಟ್ಟಿದವನಿಗೆ ಯಾರೂ ಹೇಳದೇ ಇದ್ದ ವಿಷಯ ಅದು.

Excl02 ಅಂದರೆ ನಿರ್ದಿಷ್ಟ ಕಾಯಿಲೆಗಳ ಪಟ್ಟಿ. ಕಣ್ಣಿನ ಪೊರೆ, ಹರ್ನಿಯಾ, ಪೈಲ್ಸ್, ಪಿತ್ತಕೋಶದ ಕಲ್ಲು, ಕಿಡ್ನಿ ಕಲ್ಲು, ಗರ್ಭಕೋಶದ ಗಡ್ಡೆ, ಸೈನಸ್, ಟಾನ್ಸಿಲ್, ವೆರಿಕೋಸ್ ವೇನ್, ಸವೆದ ಮಂಡಿಯ ಬದಲಾವಣೆ, ಇಂಥವು. ಇವೆಲ್ಲ ನಿಧಾನವಾಗಿ ಬೆಳೆಯುವವು, ಆಪರೇಷನ್‌ನ್ನು ಮುಂದೂಡಬಹುದಾದವು. ಆಪರೇಷನ್ ಬೇಕು ಅಂತ ಗೊತ್ತಾದ ಮೇಲೆ ಪಾಲಿಸಿ ತಗೊಂಡು ಬರ್ತಾರೆ ಅನ್ನೋ ಭಯಕ್ಕೆ ಕಂಪನಿಗಳು ಇದನ್ನು ಇಟ್ಟಿವೆ. ಸಾಮಾನ್ಯವಾಗಿ 24 ತಿಂಗಳು. ಇಲ್ಲಿ ಒಂದು ಮಾತು ಮನಸ್ಸಲ್ಲಿಟ್ಟುಕೊಳ್ಳಿ. ಪಾಲಿಸಿ ತಗೊಂಡಾಗ ನಿಮಗೆ ಆ ಕಾಯಿಲೆ ಇತ್ತೋ ಇಲ್ಲವೋ ಅನ್ನೋದು ಇದಕ್ಕೆ ಲೆಕ್ಕಕ್ಕೇ ಬರಲ್ಲ. ಮೊನ್ನೆ ಶುರುವಾದ ಕಿಡ್ನಿ ಕಲ್ಲಿಗೂ 24 ತಿಂಗಳೇ. ಇಪ್ಪತ್ತೆಂಟು ವರ್ಷದ, ಏನೂ ಕಾಯಿಲೆ ಇಲ್ಲದ ಹುಡುಗನಿಗೂ ಅಷ್ಟೇ. ಅಪಘಾತದಿಂದ ಆಗಿದ್ದಾದರೆ ಮಾತ್ರ ಬೇರೆ.

ಬಲಗಣ್ಣಿನ ಆಪರೇಷನ್ ಕೈಯಿಂದ ದುಡ್ಡು ಹಾಕಿ ಮಾಡಿಸಿದೆವು, 45 ಸಾವಿರ. ಎಡಗಣ್ಣು ಕಾಯಬಹುದು ಅಂದರು ಡಾಕ್ಟರ್.

ಹಂಗಾದ್ರೆ ರೈಡರ್ ದಂಡವಾ? ನಾನೂ ಆ ದಿನ ಹಾಗೇ ಅಂದುಕೊಂಡಿದ್ದೆ. ಆದರೆ ಅಕ್ಟೋಬರಲ್ಲಿ ಅಮ್ಮನ ಕಾಲಿಗೆ ಚಪ್ಪಲಿ ಕಚ್ಚಿ ಗಾಯ ಆಯ್ತು, ಶುಗರ್ ಇದ್ದಿದ್ದರಿಂದ ಅದು ಕೀವಾಗಿ, ಪಾದ ಪೂರ್ತಿ ಊದಿಕೊಂಡು ಆರು ದಿನ ಆಸ್ಪತ್ರೆಯಲ್ಲಿ ಇರಬೇಕಾಯಿತು. ಬಿಲ್ 88 ಸಾವಿರ. ಶುಗರಿನಿಂದ ಹುಟ್ಟಿದ ತೊಂದರೆ ಆದ್ದರಿಂದ ಇದು Excl01ಕ್ಕೆ ಸೇರುತ್ತೆ. ಪಟ್ಟಿಯಲ್ಲಿ ಇಲ್ಲ. ರೈಡರಿನ 12 ತಿಂಗಳು ಮುಗಿದಿದ್ದರಿಂದ ಕ್ಯಾಶ್‌ಲೆಸ್ ಸಿಕ್ಕಿತು, ಗ್ಲೌಸು ಹತ್ತಿ ಅಂತ ಒಂದಷ್ಟು ಕಳೆದು ಉಳಿದಿದ್ದನ್ನೆಲ್ಲ ಕೊಟ್ಟರು. ಅಪ್ಪನ ಥರ ಸಾದಾ ಪಾಲಿಸಿ ಆಗಿದ್ದರೆ 2027ರ ಜೂನ್ ತನಕ ಇದಕ್ಕೆ ಒಂದು ಪೈಸೆ ಸಿಗುತ್ತಿರಲಿಲ್ಲ. ಎರಡು ವರ್ಷ ಕಟ್ಟಿದ ಹೆಚ್ಚುವರಿ ಹತ್ತು ಸಾವಿರ ಒಂದೇ ಗಾಯಕ್ಕೆ ವಾಪಸ್ ಬಂತು. ಅಂದರೆ ರೈಡರ್ ಒಂದು ಬೀಗವನ್ನು ಮಾತ್ರ ತೆಗೆಯುತ್ತೆ, ಪಕ್ಕದ ಬೀಗವನ್ನು ಮುಟ್ಟಲ್ಲ.

ಅಪ್ಪನ ಕಥೆಯಲ್ಲಿ ಎರಡೂ ಬೀಗ ಒಂದೇ ಬಾಗಿಲಿಗೆ ಬಿದ್ದಿವೆ. ಪಾಲಿಸಿ ತಗೊಳ್ಳುವ ಒಂದು ವರ್ಷ ಮುಂಚೆ ಅವರಿಗೆ ಹರ್ನಿಯಾ ಇದೆ ಅಂತ ಡಾಕ್ಟರ್ ಚೀಟಿಯಲ್ಲಿ ಬರೆದಿದ್ದರು. ಪಾಲಿಸಿಗೆ ಹಿಂದಿನ 36 ತಿಂಗಳಲ್ಲಿ ಪತ್ತೆಯಾದ, ಅಥವಾ ಡಾಕ್ಟರ್ ಚಿಕಿತ್ಸೆಗೆ ಹೇಳಿದ ಕಾಯಿಲೆ ಮೊದಲೇ ಇದ್ದದ್ದು ಅಂತ ಲೆಕ್ಕ. "ಹರ್ನಿಯಾ ಬರೀಬೇಡಿ, ಯಾರಿಗೂ ಗೊತ್ತಾಗಲ್ಲ" ಅಂತ ಏಜೆಂಟ್ ಸಲಹೆ. ಅಪ್ಪ ರಿಟೈರ್ಡ್ ಮೇಷ್ಟ್ರು, "ಬರಿ, ಸುಳ್ಳು ಯಾಕೆ" ಅಂದರು. ಬರೆದೆವು. ಈಗ ಹರ್ನಿಯಾ ಪಟ್ಟಿಯಲ್ಲೂ ಇದೆ, 24 ತಿಂಗಳು. ಮೊದಲೇ ಇದ್ದ ಕಾಯಿಲೆಯೂ ಹೌದು, 36 ತಿಂಗಳು. ಇಂಥ ಕಡೆ ಎರಡರಲ್ಲಿ ಉದ್ದದ್ದು ಯಾವುದೋ ಅದು ಅನ್ವಯ. ಹಾಗಾಗಿ ಅಪ್ಪನ ಹರ್ನಿಯಾಕ್ಕೆ 2027ರ ಜೂನ್. ಅಮ್ಮನಿಗೆ ಕೊಡಿಸಿದ ರೈಡರನ್ನೇ ಅಪ್ಪನಿಗೂ ಕೊಡಿಸಿದ್ದರೆ 12 ಮತ್ತು 24ರಲ್ಲಿ ಉದ್ದದ್ದು 24, ಅಂದರೆ 2026ರ ಜೂನ್. ಒಂದು ವರ್ಷ ಉಳಿಯುತ್ತಿತ್ತು. ಏಜೆಂಟ್ ಹೇಳಿದ "ಒಂದು ವರ್ಷಕ್ಕೆ ಎಲ್ಲಾ" ಅನ್ನೋದು ಮಾತ್ರ ಹರ್ನಿಯಾಕ್ಕೆ ಯಾವ ಲೆಕ್ಕದಲ್ಲೂ ಬರಲ್ಲ.

ಬರೆಯದೇ ಬಿಟ್ಟಿದ್ದರೆ? ಹರ್ನಿಯಾ ಆಪರೇಷನ್‌ಗೆ ಹೋದಾಗ ಡಾಕ್ಟರ್ ಕೇಸ್ ಶೀಟಿನಲ್ಲಿ ಎಷ್ಟು ದಿನದಿಂದ ಅಂತ ಬರೆದೇ ಬರೀತಾರೆ. ಕಂಪನಿಯವರು ಮೊದಲು ನೋಡೋದು ಆ ಒಂದು ಸಾಲನ್ನೇ. ಅಮ್ಮನ ಕಣ್ಣಿನ ವಿಷಯದಲ್ಲೂ ಇದು ಆಗುವುದರಲ್ಲಿತ್ತು. ಜೂನಿಯರ್ ಡಾಕ್ಟರ್ ಕೇಳಿದಾಗ ಅಮ್ಮ ರೂಢಿ ಮಾತಿಗೆ "ಒಂದೆರಡು ವರ್ಷದಿಂದ ಹಿಂಗೇ ಕಣಪ್ಪ" ಅಂದುಬಿಟ್ಟರು, ಅವನು "2 ವರ್ಷದಿಂದ ದೃಷ್ಟಿ ಮಂಜು" ಅಂತ ಬರೆದ. ನಿಜಕ್ಕೂ ಆಗಿದ್ದು ನಾಲ್ಕೈದು ತಿಂಗಳು, ಅದಕ್ಕೂ ಮುಂಚೆ ತೋರಿಸಿದ್ದ ಕನ್ನಡಕದ ಚೀಟಿಯಲ್ಲಿ ಪೊರೆಯ ಮಾತೇ ಇರಲಿಲ್ಲ. ಆ ಚೀಟಿ ತೋರಿಸಿ ತಿದ್ದಿಸಿದೆವು. ಹಾಗೇ ಬಿಟ್ಟಿದ್ದರೆ ಪಾಲಿಸಿಗೂ ಮುಂಚಿನಿಂದ ಇದ್ದದ್ದನ್ನು ಮುಚ್ಚಿಟ್ಟಿದ್ದೀರಿ ಅಂತ ಎಡಗಣ್ಣಿನ ಕ್ಲೇಮಿಗೆ ತಕರಾರು ತೆಗೆಯಲು ದಾರಿ ಇರುತ್ತಿತ್ತು. ಐದು ವರ್ಷ ಬಿಡದೆ ಕಟ್ಟಿದ ಮೇಲೆ, ವಂಚನೆ ಅಂತ ಸಾಬೀತಾಗದ ಹೊರತು, ಇಂಥ ತಕರಾರು ತೆಗೆಯೋ ಹಾಗಿಲ್ಲ. ಅಲ್ಲಿಯ ತನಕ ಆ ಸಾಲಿಗೆ ಬಹಳ ಬೆಲೆ.

ಒಟ್ಟಿಗೆ ಇಟ್ಟು ನೋಡಿದರೆ ನನ್ನ ಅಭಿಪ್ರಾಯ ಹೀಗೆ. ನನ್ನಂಥವನಿಗೆ, ಅಂದರೆ ಮೂವತ್ತರ ಆಸುಪಾಸು, ಕಾಯಿಲೆ ಇಲ್ಲ, ಆಫೀಸಿನ ಪಾಲಿಸಿ ಇದೆ, ಸಾದಾ ಪಾಲಿಸಿ ಸಾಕು. ಆಫೀಸಿನದು ಕಾಪಾಡುತ್ತಿರುವಾಗ ಸ್ವಂತ ಪಾಲಿಸಿಯ ಮೂರೂ ಅವಧಿ ತಮ್ಮ ಪಾಡಿಗೆ ಕಳೆಯುತ್ತವೆ. ರೈಡರ್ ಸುಮ್ನೆ ದಂಡ. ಶುಗರ್, ಬಿಪಿ, ಆಸ್ತಮಾ ಥರದ್ದು ಇದ್ದು ಬೇರೆ ಆಸರೆ ಇಲ್ಲದ ತಂದೆ ತಾಯಿಗೆ ರೈಡರ್ ತಗೊಳ್ಳಿ, ನಾನು ಮತ್ತೆ ಮಾಡಿಸಿದರೆ ಅಪ್ಪನಿಗೂ ಹಾಕಿಸ್ತೀನಿ. ಮಂಡಿ ನೋವು, ಪೊರೆ, ಹರ್ನಿಯಾ ಇವಕ್ಕಾಗಿಯೇ ತಗೊಳ್ಳುವುದಾದರೆ ರೈಡರ್ ಏನೇ ಇರಲಿ ಎರಡು ವರ್ಷದ ದುಡ್ಡನ್ನು ಬೇರೆ ಎತ್ತಿಡಿ. ಕೆಲವು ಪಾಲಿಸಿಯಲ್ಲಿ ಮಂಡಿ ಬದಲಾವಣೆಗೆ ಮಾತ್ರ ಬೇರೆ, ಇನ್ನೂ ಉದ್ದದ ಅವಧಿ ಇರುತ್ತೆ. ಪಟ್ಟಿಯನ್ನು ಕೊನೆತನಕ ಓದಿ. ಕೈಗೆ ಬಂದ ಮೇಲೆ ಓದಿ ಬೇಡ ಅನಿಸಿದರೆ ವಾಪಸ್ ಮಾಡೋಕೆ 30 ದಿನ ಟೈಮ್ ಇದೆ, ನಾನು ಅದನ್ನೂ ಬಳಸಲಿಲ್ಲ.

ವಿಮೆ ಮೊತ್ತದ ವಿಷಯದಲ್ಲೂ ಒಂದು ತಪ್ಪು ಮಾಡಿದೆ. ಅಪ್ಪನಿಗೆ 5 ಲಕ್ಷ ಸಾಕು ಅಂತ ತಗೊಂಡಿದ್ದೆ, ಹೋದ ವರ್ಷ 10 ಲಕ್ಷಕ್ಕೆ ಏರಿಸಿದೆ. ಹೆಚ್ಚಾದ 5 ಲಕ್ಷಕ್ಕೆ ಕಾಯುವ ಅವಧಿ ಮತ್ತೆ ಮೊದಲಿಂದ ಶುರು. ಬೇರೆ ಕಂಪನಿಗೆ ಪೋರ್ಟ್ ಮಾಡಿದರೂ ಹೀಗೇ, ಹಳೇ ಮೊತ್ತದಷ್ಟಕ್ಕೆ ಮಾತ್ರ ಕಳೆದ ಅವಧಿ ಜೊತೆಗೆ ಬರುತ್ತೆ. ಮೊದಲ ದಿನವೇ ದೊಡ್ಡ ಮೊತ್ತ ತಗೊಂಡಿದ್ದರೆ ಈ ಎರಡೆರಡು ಲೆಕ್ಕ ಇರುತ್ತಿರಲಿಲ್ಲ.

ಅಮ್ಮನ ಎಡಗಣ್ಣಿಗೆ ಡಾಕ್ಟರ್ 2026ರ ಜೂನ್ ಮೂರನೇ ವಾರ ಅಂದಿದ್ದಾರೆ. ಅಮ್ಮ ಅಡುಗೆಮನೆ ಕ್ಯಾಲೆಂಡರಿನಲ್ಲಿ 12ಕ್ಕೆ ಕೆಂಪು ಪೆನ್ನಲ್ಲಿ ಸುತ್ತು ಹಾಕಿದ್ದಾರೆ. ನಾನು ಅದರ ಪಕ್ಕದಲ್ಲಿ 1ನೇ ತಾರೀಖಿಗೆ ಇನ್ನೊಂದು ಸುತ್ತು ಹಾಕಿದೆ. ರಿನ್ಯೂವಲ್ ಕಟ್ಟೋಕೆ. ಕಟ್ಟದೇ ಪಾಲಿಸಿ ನಿಂತುಹೋದರೆ ಎರಡು ವರ್ಷದ ಲೆಕ್ಕವೂ ಅಲ್ಲೇ ನಿಂತುಹೋಗುತ್ತೆ.