ಗೇಟು ಅದೇ, ಬೋರ್ಡು ಅದೇ, ಕಂಪನಿ ಮಾತ್ರ ಬೇರೆ!

ತುಮಕೂರಿನ ವಸಂತನರಸಾಪುರ, ಅಂತರಸನಹಳ್ಳಿ ಕಡೆ ಉದ್ರಿ ಮೇಲೆ ಜಾಬ್‌ವರ್ಕ್ ಮಾಡೋರೆಲ್ಲ ದಯವಿಟ್ಟು ಓದಿ. ಹೆಸರು ಹಾಕಲ್ಲ. ಬೋರ್ಡಿನ ಮೇಲೆ "1987ರಿಂದ" ಅಂತ ಬರೆದಿರೋ ಕಂಪನಿ, ವರ್ಷಗಳಿಂದ ನಮ್ಮ ಗಿರಾಕಿ.

ಒಂದಿನ ಪರ್ಚೇಸ್‌ನವರಿಂದ ಮೇಲ್ ಬಂತು: "ಸಾಫ್ಟ್‌ವೇರ್ ಬದಲಾಗಿದೆ, ಇನ್ಮೇಲೆ ಬಿಲ್ಲಿಗೆ ಈ ಜಿಎಸ್‌ಟಿ ನಂಬರ್ ಹಾಕಿ." ಅದೇ ಗೇಟು, ಅದೇ ಮ್ಯಾನೇಜರು, ಅದೇ ಹೆಸರು. ಹಾಕಿದ್ವಿ. ಹೊಸ ಬಿಲ್ಲಿಗೆಲ್ಲ ದುಡ್ಡು ಬಂತು, ಹಳೇ ಬಾಕಿ ಮಾತ್ರ ಬರಲೇ ಇಲ್ಲ. ಹೋಗಿ ಕೇಳಿದ್ರೆ ಏನಂದ್ರು ಗೊತ್ತಾ? "ಅದು ಹಳೇ ಕಂಪನಿ ಸಾರ್. ನಾವು ಮಷೀನು, ಶೆಡ್ಡು, ಬ್ರಾಂಡು ಮಾತ್ರ ತಗೊಂಡಿರೋದು." ನನ್ನ ಕೈಯಿಂದ ವರ್ಷಗಟ್ಟಲೆ ಮಾಲು ಇಳಿಸಿಕೊಂಡ ಮನುಷ್ಯ, ನಗ್ತಾ ಹೇಳ್ತಾನೆ! ನಮ್ಮ ಹುಡುಗರ ಮುಂದೇನೇ.

ಆಮೇಲೆ ಜಿಎಸ್‌ಟಿ ನಂಬರ್ ಎರಡನ್ನೂ ಪಕ್ಕದಲ್ಲಿಟ್ಟು ನೋಡಿದೆ. ಮೊದಲ ಎರಡು ಅಂಕಿ 29, ಅದು ಕರ್ನಾಟಕ. ಮುಂದಿನ ಹತ್ತು ಅಕ್ಷರ ಪ್ಯಾನ್. ಆ ಪ್ಯಾನೇ ಬೇರೆ! ಸಾಫ್ಟ್‌ವೇರ್ ಬದಲಾದ್ರೆ ಪ್ಯಾನ್ ಬದಲಾಗುತ್ತಾ?

ಕಂಪನಿಗಳ ದಾಖಲೆ ಇರೋ ಸರ್ಕಾರಿ ಸೈಟು mca.gov.in ನಲ್ಲಿ ಆ ಹೆಸರು ಹುಡುಕಿದ್ರೆ ಸಿಕ್ಕಿದ್ದು ಹೊಸ ಕಂಪನಿ. ಕಂಪನಿಯ ನೋಂದಣಿ ನಂಬರ್ ಆದ ಸಿಐಎನ್‌ನ 9ರಿಂದ 12ನೇ ಅಕ್ಷರ ಕಂಪನಿ ಹುಟ್ಟಿದ ಇಸವಿ, ಅಲ್ಲಿ 2022 ಇತ್ತು. 1987ರದ್ದು ಎಲ್ಲಿ? ಅವರ ಹಳೇ ಪರ್ಚೇಸ್ ಆರ್ಡರ್‌ನಲ್ಲಿದ್ದ ಸಿಐಎನ್ ಹಾಕಿದೆ. ಬ್ರಾಂಡ್ ಜೊತೆ ಹೆಸರನ್ನೂ ಮಾರಿ, ಯಾರೂ ಕೇಳಿರದ ಹೆಸರಿಟ್ಟುಕೊಂಡು ಕೂತಿದೆ. ಹೆಸರು ಬದಲಾದ್ರೂ ಸಿಐಎನ್‌ನ ಇಸವಿ ಬದಲಾಗಲ್ಲ, ಅದಕ್ಕೇ ಸಿಕ್ತು.

ಕೈಬದಲಾವಣೆ ಚೊಕ್ಕವಾಗಿ ಕಂಡಿದ್ದು ಅದೇ ಸೈಟಿನಲ್ಲಿರೋ ಬ್ಯಾಂಕ್ ಅಡಮಾನದ, ಅಂದ್ರೆ ಚಾರ್ಜ್‌ನ ಪಟ್ಟಿಯಲ್ಲಿ. ಹಳೇ ಕಂಪನಿಯ ಚಾರ್ಜ್ ತೀರಿಸಿದ ಬೆನ್ನಲ್ಲೇ, ಅದೇ ಶೆಡ್ಡು ಅದೇ ಮಷೀನಿನ ಮೇಲೆ ಹೊಸ ಕಂಪನಿ ಸಾಲ ತಗೊಂಡಿದೆ. ಚಾರ್ಜ್‌ನ ಫಾರಂ ಸಾಮಾನ್ಯವಾಗಿ 30 ದಿನದೊಳಗೆ ಬರುತ್ತೆ. ಬ್ಯಾಲೆನ್ಸ್ ಶೀಟ್ ನೋಡ್ಕೊಂಡು ಕೂತ್ರೆ ಆಯ್ತು ಕಥೆ: ಮೇನಲ್ಲಿ ಮಾರಿದ್ದು ಮುಂದಿನ ವರ್ಷದ ಅಕ್ಟೋಬರ್ ಹೊತ್ತಿಗೆ ಕಾಣಿಸುತ್ತೆ. ಕಂಡಾಗಲೂ ಮಷೀನಿನ ಲೆಕ್ಕ ದಿಢೀರ್ ಇಳಿದಿರುತ್ತೆ, ಆಸ್ತಿ ಮಾರಿದ ಲಾಭ ಅಂತ ಒಂದು ಸಾಲು ಇರುತ್ತೆ, ಅಷ್ಟೇ.

"ನೋಟಿಸ್ ಯಾಕೆ ಕೊಡಲಿಲ್ಲ?" ಅಂದ್ರೆ, "ಕೊಡಬೇಕಂತ ಇಲ್ಲ ಸಾರ್." ಎರಡು ಕಂಪನಿ ವಿಲೀನ ಆದ್ರೆ ಸಾಮಾನ್ಯವಾಗಿ ಟ್ರಿಬ್ಯೂನಲ್‌ಗೆ ಹೋಗಬೇಕು, ಬಾಕಿ ಬರಬೇಕಾದೋರ ಮಾತು ಕೇಳ್ತಾರೆ, ಬಾಕಿಯೂ ಆದೇಶದ ಜೊತೆ ಹೊಸಬರ ತಲೆಗೆ ಹೋಗುತ್ತೆ. ಇವರು ಮಾಡಿದ್ದು ಬರೀ ಕರಾರಿನ ಮಾರಾಟ. ಕರಾರಿನಲ್ಲಿ ಬರೆದಿಲ್ಲ ಅಂದ್ರೆ ಬಾಕಿ ಹಳೇ ಕಂಪನಿಯಲ್ಲೇ, ಅಲ್ಲಿ ಈಗ ಒಂದು ಬೋಲ್ಟೂ ಇಲ್ಲ.

ಯಾರಾದ್ರೂ ಜಿಎಸ್‌ಟಿ ನಂಬರ್ ಬದಲಾಯಿಸಿ ಅಂದ್ರೆ ಮೊದಲು ಪ್ಯಾನ್ ನೋಡಿ. ಪ್ಯಾನ್ ಬೇರೆ ಇದ್ರೆ, ಹಳೇ ಬಾಕಿ ನಾವೇ ಕೊಡ್ತೀವಿ ಅಂತ ಹೊಸಬರ ಲೆಟರ್‌ಹೆಡ್‌ನಲ್ಲಿ ಬರೆಸಿಕೊಳ್ಳೋವರೆಗೂ ಒಂದು ಪೀಸೂ ಕಳಿಸಬೇಡಿ. ಇದೇ ಹೆಸರಿನ ಹಳೇ ಕಂಪನಿಯಿಂದ ಬಾಕಿ ಬರಬೇಕಾದೋರು ಇನ್ನೂ ಇದ್ರೆ ಮೆಸೇಜ್ ಮಾಡಿ, ಕೇಸು ಒಟ್ಟಿಗೆ ಹಾಕೋಣ.