ಮರದ ಎಳೆಯುವ ಬಂಡಿ, 14 ತಿಂಗಳ ಬಳಕೆಯ ನಂತರ: ಚಿತ್ರದಲ್ಲಿ ಕಂಡದ್ದು, ಕೈಗೆ ಸಿಕ್ಕಿದ್ದು

ಮಗಳಿಗೆ 13 ತಿಂಗಳು ತುಂಬಿದಾಗ, ಹಗ್ಗ ಹಿಡಿದು ಎಳೆದಾಡುವ ಎರಡು ಮರದ ಆಟಿಕೆಗಳನ್ನು ಡಿಸೆಂಬರ್ ತಿಂಗಳಲ್ಲಿ ಕೊಂಡೆವು. ಒಂದು ಆನ್‌ಲೈನ್‌ನಲ್ಲಿ ತರಿಸಿದ ಬಣ್ಣದ ಬಂಡಿ. ಇನ್ನೊಂದು ಚನ್ನಪಟ್ಟಣದ ಅರಗಿನ ಬಣ್ಣದ ಆನೆ. ಎರಡನ್ನೂ ಮೊದಲು ಮೊಬೈಲ್‌ನಲ್ಲಿ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸಿಯೇ ಆರಿಸಿದ್ದೆ. ಈಗ ಮಗಳಿಗೆ ಎರಡು ವರ್ಷ ಮೂರು ತಿಂಗಳು. ಆ ಹೋಲಿಕೆಯಲ್ಲಿ ಯಾವುದು ಸರಿಯಾಗಿತ್ತು, ಯಾವುದು ತಪ್ಪಿತು ಎಂಬುದನ್ನು ಬರೆಯುತ್ತಿದ್ದೇನೆ.

ಚಿತ್ರದಿಂದ ನಿಜವಾಗಿ ತಿಳಿಯಬಹುದಾದ ಮುಖ್ಯ ಸಂಗತಿ ಬಿಡಿಭಾಗಗಳ ಅಳತೆ. ಬಂಡಿಯ ಉದ್ದ 18 ಸೆಂ.ಮೀ. ಎಂದು ಮಾರಾಟಗಾರರು ಬರೆದಿದ್ದರು. ನೇರವಾಗಿ ಪಕ್ಕದಿಂದ ತೆಗೆದ ಚಿತ್ರವನ್ನು ಹಿಗ್ಗಿಸಿ ಪರದೆಯ ಮೇಲೆ ಅಳತೆಪಟ್ಟಿ ಇಟ್ಟಾಗ ಬಂಡಿ 90 ಮಿ.ಮೀ. ಇತ್ತು; ಅಂದರೆ ಪರದೆಯ ಒಂದು ಮಿ.ಮೀ. ನಿಜದಲ್ಲಿ ಎರಡು ಮಿ.ಮೀ. ಗಾಲಿ ಪರದೆಯಲ್ಲಿ 22 ಮಿ.ಮೀ. ಇದ್ದುದರಿಂದ ನಿಜದಲ್ಲಿ ಸುಮಾರು 44 ಮಿ.ಮೀ. ಆಯಿತು. ಗಾಲಿಯನ್ನು ಹಿಡಿದಿಟ್ಟ ಗುಂಡು ತಲೆಯ ಮರದ ಬೆಣೆ 8 ಮಿ.ಮೀ., ಅಂದರೆ ನಿಜದಲ್ಲಿ 16 ಮಿ.ಮೀ. ಓರೆಯಾಗಿ ತೆಗೆದ ಚಿತ್ರದಲ್ಲಿ ಈ ಲೆಕ್ಕ ನಡೆಯುವುದಿಲ್ಲ, ಏಕೆಂದರೆ ಕ್ಯಾಮೆರಾಕ್ಕೆ ಹತ್ತಿರವಿರುವ ಭಾಗ ಇದ್ದದ್ದಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಈ ಅಳತೆಯನ್ನು ಯಾವುದಕ್ಕೆ ಹೋಲಿಸಬೇಕು ಎಂಬುದಕ್ಕೆ ಮಾನಕವೇ ಇದೆ. ಮೂರು ವರ್ಷದೊಳಗಿನ ಮಕ್ಕಳ ಆಟಿಕೆಗಳನ್ನು ಪರೀಕ್ಷಿಸುವ ಕೊಳವೆಯ ಒಳವ್ಯಾಸ 31.7 ಮಿ.ಮೀ.; ಅದರ ತಳ ಓರೆಯಾಗಿದ್ದು, ಆಳ ಒಂದು ಬದಿಯಲ್ಲಿ 25.4 ಮಿ.ಮೀ., ಎದುರು ಬದಿಯಲ್ಲಿ 57.1 ಮಿ.ಮೀ. ಇರುತ್ತದೆ. ಆಟಿಕೆಯಾಗಲಿ, ಅದರಿಂದ ಕಳಚುವ ತುಂಡಾಗಲಿ, ಒತ್ತದೆಯೇ ಈ ಕೊಳವೆಯೊಳಗೆ ಪೂರ್ತಿ ಇಳಿದರೆ ಅದು ಮಗುವಿನ ಗಂಟಲಲ್ಲಿ ಸಿಕ್ಕಿಕೊಳ್ಳಬಹುದಾದ ಸಣ್ಣ ಭಾಗ. ನಮ್ಮ ಬಂಡಿಯ ಗಾಲಿ ಇದರೊಳಗೆ ಹೋಗುವುದಿಲ್ಲ, ಬೆಣೆ ಸಲೀಸಾಗಿ ಹೋಗುತ್ತದೆ. ಆದ್ದರಿಂದ ಕೊಳ್ಳುವ ಮೊದಲು ಉಳಿದ ಪ್ರಶ್ನೆ ಒಂದೇ ಆಗಿತ್ತು: ಆ ಬೆಣೆ ಎಂದಾದರೂ ಕಳಚುತ್ತದೆಯೇ? ಚಿತ್ರ ಇದಕ್ಕೆ ಉತ್ತರ ಕೊಡಲಾರದು. ಅಂಟು ಹಾಕಿದ್ದಾರೋ, ಸುಮ್ಮನೆ ಬಡಿದು ಕೂರಿಸಿದ್ದಾರೋ ಹೊರಗಿನಿಂದ ಒಂದೇ ರೀತಿ ಕಾಣುತ್ತದೆ.

ಅಂಥ ಕೊಳವೆಯನ್ನು ಮನೆಯಲ್ಲೇ ಮಾಡಿಕೊಂಡೆ. 10 ಸೆಂ.ಮೀ. ಅಗಲದ ತೆಳು ರಟ್ಟನ್ನು ಸುತ್ತಿ, ಅಂಚಿಗೆ ಅಂಚು ಮುಟ್ಟಿಸಿ ಹೊರಗಿನಿಂದ ಟೇಪು ಹಚ್ಚಿದರೆ ಒಳವ್ಯಾಸ ಹೆಚ್ಚುಕಡಿಮೆ ಅಷ್ಟೇ ಬರುತ್ತದೆ. ಒಂದು ಬದಿ 57, ಎದುರು ಬದಿ 25 ಮಿ.ಮೀ. ಉಳಿಯುವಂತೆ ಓರೆಯಾಗಿ ಕತ್ತರಿಸಿ, ಕತ್ತರಿಸಿದ ಬಾಯಿಗೆ ರಟ್ಟು ಮುಚ್ಚಬೇಕು. ಇದು ಪ್ರಯೋಗಾಲಯದ ಸಾಧನವಲ್ಲ. ಕೂದಲೆಳೆಯ ಅಂತರದಲ್ಲಿ ಒಳಗೆ ಹೋಗದೆ ನಿಂತ ವಸ್ತುವನ್ನೂ ನಾನು ಮಗುವಿಗೆ ಕೊಡುವುದಿಲ್ಲ.

ಬಂಡಿ ಬಂದ ದಿನ ಎಂಟು ಬೆಣೆಗಳನ್ನೂ ಬೆರಳುಗಳಲ್ಲಿ ಹಿಡಿದು ತಿರುಗಿಸಿ, ಬಲವಾಗಿ ಎಳೆದು ನೋಡಿದೆ. ಒಂದೂ ಅಲುಗಲಿಲ್ಲ. ಅಂದು ಅಲ್ಲಿಗೇ ನಿಂತದ್ದು ನನ್ನ ತಪ್ಪು. ಏಪ್ರಿಲ್ ಕೊನೆಯ ವಾರದಲ್ಲಿ ಎಡಗಡೆಯ ಹಿಂದಿನ ಗಾಲಿ ಕಳಚಿ, ಬೆಣೆ ಚಾಪೆಯ ಮೇಲೆ ಬಿದ್ದಿತ್ತು. ಮಗು ಅದನ್ನು ಬಾಯಿಗಿಡುವ ಮೊದಲು ಅತ್ತೆಯವರು ಕಂಡರು. ಇಂದಿಗೂ ಆ ಕ್ಷಣ ನೆನಪಾದರೆ ಮೈ ನಡುಗುತ್ತದೆ.

ಕಾರಣ ತಿಳಿದದ್ದು ನಮ್ಮ ಬೀದಿಯಲ್ಲೇ ಇರುವ ಬಡಗಿಯೊಬ್ಬರಿಂದ. “ಇದನ್ನ ನೀರಾಗೆ ತೊಳೀತಿದ್ರಾ ಅಮ್ಮಾ?” ಎಂದು ಅವರು ಮೊದಲು ಕೇಳಿದರು. ನಾನು ವಾರಕ್ಕೊಮ್ಮೆ ಸೋಪಿನ ನೀರಿನಲ್ಲಿ ಅದ್ದಿ ತೊಳೆಯುತ್ತಿದ್ದೆ. ಬೆಣೆ ನೀರು ಕುಡಿದು ಉಬ್ಬುತ್ತದೆ, ಆದರೆ ತೂತಿನಲ್ಲಿ ಉಬ್ಬಲು ಜಾಗವಿರುವುದಿಲ್ಲ. ಹಾಗಾಗಿ ಮರದ ನಾರುಗಳು ಅಲ್ಲೇ ನಲುಗುತ್ತವೆ. ಒಣಗಿದಾಗ ಬೆಣೆ ಮೊದಲಿಗಿಂತ ಸಣ್ಣದಾಗಿ ಕೂರುತ್ತದೆ. ದಾವಣಗೆರೆಯ ಏಪ್ರಿಲ್ ಬಿಸಿಲಿನ ಒಣಗಾಳಿ ಉಳಿದ ಬಿಗಿಯನ್ನೂ ತೆಗೆಯುತ್ತದೆ. ಕಳಚಿದ ಬೆಣೆಯ ಬುಡದಲ್ಲಿ ಅಂಟು ತುದಿಗಷ್ಟೇ ತಾಗಿತ್ತು. ಉಳಿದ ಏಳರಲ್ಲಿ ಇನ್ನೆರಡು ತಿರುಗಿಸಿದಾಗ ಸಡಿಲವಾಗಿದ್ದವು. ಅಂದಿನಿಂದ ಒದ್ದೆ ಬಟ್ಟೆಯಲ್ಲಿ ಒರೆಸುತ್ತೇನೆ, ಅದ್ದುವುದಿಲ್ಲ. ಮರದ ಆಟಿಕೆಗಳ ಕೀಲುಗಳನ್ನು ತಿಂಗಳಿಗೊಮ್ಮೆ, ಬೇಸಿಗೆಯಲ್ಲಿ ವಾರಕ್ಕೊಮ್ಮೆ ಎಳೆದು ನೋಡುತ್ತೇನೆ.

ಅಂಚುಗಳ ವಿಷಯದಲ್ಲಿ ಮಾರಾಟಗಾರರ ಚಿತ್ರಗಳಿಂದ ನನಗೆ ಹೆಚ್ಚು ಪ್ರಯೋಜನವಾಗಲಿಲ್ಲ. ಬಿಳಿ ಹಿನ್ನೆಲೆ ಮತ್ತು ಜೋರು ಬೆಳಕಿನಲ್ಲಿ ಎಲ್ಲ ಅಂಚುಗಳೂ ನುಣುಪಾಗಿಯೇ ಕಾಣುತ್ತವೆ. ಬೇರೆ ಗ್ರಾಹಕರು ಕಿಟಕಿಯ ಬಳಿ ತೆಗೆದು ಹಾಕಿದ ಚಿತ್ರಗಳೇ ಮೇಲು. ಅವುಗಳಲ್ಲಿ ಅಂಚಿನ ಮೇಲಿನ ಹೊಳಪು ಅಗಲವಾಗಿದ್ದರೆ ಅಂಚನ್ನು ದುಂಡಗೆ ಉಜ್ಜಿದ್ದಾರೆ ಎಂದೂ, ಕೂದಲಿನಂಥ ತೆಳು ಗೆರೆಯಾಗಿದ್ದರೆ ಅಂಚು ಚೂಪಾಗಿದೆ ಎಂದೂ ಊಹಿಸಬಹುದು. ಹಗ್ಗ ಕಟ್ಟುವ ತೂತಿನ ಒಳಬದಿ ಮತ್ತು ಬಂಡಿಯ ತಳ ಯಾರ ಚಿತ್ರದಲ್ಲೂ ಇರಲಿಲ್ಲ. ಸಿಬಿರು ಇದ್ದದ್ದು ಅಲ್ಲಿಯೇ. ಅದನ್ನು ಕಂಡುಹಿಡಿದದ್ದು ಹತ್ತಿಯ ಉಂಡೆಯಿಂದ. ಹಗುರವಾಗಿ ಎಳೆದಾಗ ಎಳೆಗಳು ಎಲ್ಲಿ ಸಿಕ್ಕಿಕೊಳ್ಳುತ್ತವೆಯೋ ಅಲ್ಲಿ ಮಗುವಿನ ಚರ್ಮವೂ ಸಿಕ್ಕಿಕೊಳ್ಳುತ್ತದೆ. ನಮ್ಮ ಒರಟು ಬೆರಳಿಗೆ ತಿಳಿಯದ ಸಿಬಿರನ್ನು ಹತ್ತಿ ತೋರಿಸಿಕೊಟ್ಟಿತು.

ಬಣ್ಣದ ಬಗ್ಗೆ ಚಿತ್ರ ತೋರಿಸುವುದು ಕೆಲಸದ ಅಚ್ಚುಕಟ್ಟನ್ನು ಮಾತ್ರ. ತೂತುಗಳ ಸುತ್ತ ಬಣ್ಣ ಗಟ್ಟಿಯಾಗಿ ನಿಂತಿದ್ದರೆ ಅದು ಮೊದಲು ಚಕ್ಕೆ ಏಳುವ ಜಾಗ, ಮತ್ತು ನಮ್ಮ ಬಂಡಿಯಲ್ಲಿ ಆರನೆಯ ತಿಂಗಳಿಗೆ ಅಲ್ಲಿಂದಲೇ ಚಕ್ಕೆ ಎದ್ದಿತು. ಆನೆಯ ಬಣ್ಣ ಬೇರೆ ಬಗೆಯದು. ಚರಕಿಯಲ್ಲಿ ತಿರುಗುವ ಮರಕ್ಕೆ ಅರಗನ್ನು ಒತ್ತಿದಾಗ ಉಜ್ಜುವಿಕೆಯ ಬಿಸಿಗೆ ಅದು ಕರಗಿ ಹಿಡಿಯುವುದರಿಂದ ದಪ್ಪ ಪದರ ನಿಲ್ಲುವುದಿಲ್ಲ, ಇದುವರೆಗೆ ಚಕ್ಕೆಯೂ ಎದ್ದಿಲ್ಲ. ಆದರೆ ಒಮ್ಮೆ ಸ್ಯಾನಿಟೈಸರ್ ಹಾಕಿ ಒರೆಸಿದಾಗ ಆನೆಯ ಬೆನ್ನು ಜಿಗುಟಾಗಿ, ಬಟ್ಟೆಗೆ ಕೆಂಪು ಹತ್ತಿತು. ಅರಗು ಆಲ್ಕೋಹಾಲಿನಲ್ಲಿ ಕರಗುತ್ತದೆ. ಇದು ಆಟಿಕೆಯ ದೋಷವಲ್ಲ, ನಾನು ಒರೆಸಿದ ರೀತಿಯ ದೋಷ.

ಒದ್ದೆ ಬಿಳಿ ಬಟ್ಟೆಯಿಂದ ಒಂದು ನಿಮಿಷ ಉಜ್ಜಿದರೆ ಬಣ್ಣ ಬಿಡುತ್ತದೆಯೇ ಎಂದು ತಿಳಿಯುತ್ತದೆ, ಆದರೆ ಬಣ್ಣದಲ್ಲಿ ಸೀಸ ಇದೆಯೇ ಎಂಬುದು ಅದರಿಂದ ತಿಳಿಯುವುದಿಲ್ಲ. ಅದಕ್ಕೆ ಪ್ರಯೋಗಾಲಯವೇ ಬೇಕು. ಭಾರತದಲ್ಲಿ 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಗಿದೆ. ಗುರುತಿನ ಜೊತೆ IS 9873 ಎಂಬ ಮಾನಕದ ಸಂಖ್ಯೆ ಮತ್ತು CM/L ಎಂದು ಆರಂಭವಾಗುವ ಪರವಾನಗಿ ಸಂಖ್ಯೆ ಇರಬೇಕು; ಆ ಸಂಖ್ಯೆಯನ್ನು BIS Care ಆಪ್‌ನಲ್ಲಿ ಹಾಕಿದರೆ ಪರವಾನಗಿ ಯಾರದು, ಚಾಲ್ತಿಯಲ್ಲಿದೆಯೇ ಎಂದು ಕಾಣುತ್ತದೆ. ಬಂಡಿಯ ಚಿತ್ರದಲ್ಲಿ ಗುರುತು ಓದಲಾಗದಷ್ಟು ಚಿಕ್ಕದಾಗಿತ್ತು, ಪೆಟ್ಟಿಗೆ ಬಂದ ಮೇಲೆ ನೋಡಿದರೆ ಸಂಖ್ಯೆಯೇ ಇರಲಿಲ್ಲ. ನಾನು ಅಂದೇ ಅದನ್ನು ಹಿಂದಿರುಗಿಸಬೇಕಿತ್ತು. ನೋಂದಾಯಿತ ಕುಶಲಕರ್ಮಿಗಳ ಕರಕುಶಲ ವಸ್ತುಗಳಿಗೆ ಈ ನಿಯಮದಿಂದ ವಿನಾಯಿತಿ ಇರುವುದರಿಂದ ಆನೆಯ ಮೇಲೆ ಗುರುತು ಇಲ್ಲದಿರುವುದು ಅಷ್ಟಕ್ಕೇ ದೋಷವಾಗುವುದಿಲ್ಲ. ಆದರೆ ಅಲ್ಲಿ ಕೀಲು, ಅಂಚುಗಳನ್ನು ನೋಡುವ ಹೊಣೆ ನಮ್ಮ ಕೈಗೇ ಹೆಚ್ಚು ಬರುತ್ತದೆ.

ಆನೆ ಇಂದಿಗೂ ಬಳಕೆಯಲ್ಲಿದೆ, ಅದರ ಗಾಲಿಗಳು ಬಿಗಿಯಾಗಿವೆ. ಅದಕ್ಕೆ ಐದಕ್ಕೆ ನಾಲ್ಕು ಕೊಡುತ್ತೇನೆ. ಬಂಡಿಗೆ ಒಂದು. ಕಳಚಿದ ಬೆಣೆಯನ್ನು ಅಳತೆಪಟ್ಟಿಯ ಪಕ್ಕದಲ್ಲಿಟ್ಟು, ಬಂಡಿಯ ತಳವೂ ತೂತಿನ ಒಳಬದಿಯೂ ಕಾಣುವಂತೆ ಹಗಲು ಬೆಳಕಿನಲ್ಲಿ ತೆಗೆದ ಮೂರು ಚಿತ್ರಗಳನ್ನು ಈ ವಿಮರ್ಶೆಯೊಂದಿಗೆ ಸೇರಿಸಿದ್ದೇನೆ.