ಅಂಗೈ ಬೆವರಿಗೆ ಅಯಾಂಟೊಫೊರೆಸಿಸ್ ಯಂತ್ರ: ಮೂರು ವರ್ಷ ಬಳಸಿದ ಮೇಲೆ

ಶಿರಸಿಯ ಸಹಕಾರ ಸಂಘವೊಂದರಲ್ಲಿ ಅಡಿಕೆ ಲೆಕ್ಕ ಬರೆಯುವ ಕೆಲಸ ನನ್ನದು. ಹೈಸ್ಕೂಲಿನಿಂದಲೂ ಅಂಗೈ, ಅಂಗಾಲು ನೆನೆದೇ ಇರುತ್ತಿದ್ದವು. ರಸೀದಿಯ ಶಾಯಿ ಹರಡುತ್ತಿತ್ತು, ಹಾಜರಾತಿಯ ಬೆರಳಚ್ಚು ಯಂತ್ರ ನಾಲ್ಕು ಸಲ ಒರೆಸಿ ಒತ್ತಿದರೂ ನನ್ನನ್ನು ಗುರುತಿಸುತ್ತಿರಲಿಲ್ಲ, ಬೇಸಿಗೆಯಲ್ಲೂ ಕಾಲಿನಡಿ ಚಪ್ಪಲಿ ಜಾರುತ್ತಿತ್ತು.

ಮೊದಲು ಹಚ್ಚಿದ್ದು ಶೇ 20ರ ಅಲ್ಯೂಮಿನಿಯಂ ಕ್ಲೋರೈಡ್ ದ್ರಾವಣ. ಅದು ಬೆವರಿನ ನಾಳದ ಬಾಯಿಯನ್ನು ಮುಚ್ಚುತ್ತದೆ. ರಾತ್ರಿ ಕೈ ತೊಳೆದು, ಹಸಿಯಾಗಿರುವಾಗಲೇ ಹಚ್ಚಿಕೊಂಡು ಮಲಗಿದ್ದು ನನ್ನ ತಪ್ಪು. ನೀರು ತಾಗಿದರೆ ಅಲ್ಲೇ ಹೈಡ್ರೋಕ್ಲೋರಿಕ್ ಆಮ್ಲ ಹುಟ್ಟುತ್ತದೆ, ಚರ್ಮ ಉರಿಯುತ್ತದೆ. ಫ್ಯಾನಿನ ಗಾಳಿಗೆ ಪೂರ್ತಿ ಒಣಗಿಸಿ ಹಚ್ಚಿ, ಬೆಳಿಗ್ಗೆ ತೊಳೆಯತೊಡಗಿದ ಮೇಲೆ ಉರಿ ನಿಂತಿತು. ಕಾಲ್ಬೆರಳ ಸಂದುಗಳಿಗೆ ಅದು ಸಾಕಾಯಿತು, ಅಂಗೈಗೆ ಸಾಲಲಿಲ್ಲ.

ಆಗ ಹುಬ್ಬಳ್ಳಿಯ ಚರ್ಮವೈದ್ಯರು ಈ ಯಂತ್ರ ಹೇಳಿದರು. ನಾನು ಕೊಟ್ಟದ್ದು 18,500 ರೂಪಾಯಿ. ಎರಡು ತಟ್ಟೆಗಳಲ್ಲಿ ಲೋಹದ ಹಾಳೆ, ಅದರ ಮೇಲೆ ಬಟ್ಟೆ, ಅಂಗೈ ಮುಳುಗುವಷ್ಟೇ ನೀರು. ಒಂದೊಂದು ಕೈಯನ್ನು ಒಂದೊಂದು ತಟ್ಟೆಯಲ್ಲಿಟ್ಟರೆ ಸಣ್ಣ ವಿದ್ಯುತ್ತು ನೀರಿನ ಮೂಲಕ ಹರಿಯುತ್ತದೆ. ವೈದ್ಯರು ಬರೆದುಕೊಟ್ಟದ್ದು 15 ಮಿಲಿಆಂಪಿಯರ್, 20 ನಿಮಿಷ, ವಾರಕ್ಕೆ ನಾಲ್ಕು ಸಲ. ಧನ ಧ್ರುವದ ಕಡೆಯ ಕೈಗೆ ಪರಿಣಾಮ ಹೆಚ್ಚು, ಆದ್ದರಿಂದ ಅರ್ಧಕ್ಕೆ ನಿಲ್ಲಿಸಿ ದಿಕ್ಕು ಬದಲಿಸಬೇಕು.

ಎರಡು ವಾರ, ಎಂಟು ಸಲ ಕೂತೆ. ಏನೂ ಆಗಲಿಲ್ಲ. ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದರೂ ಮೀಟರು 5 ದಾಟುತ್ತಿರಲಿಲ್ಲ. ಯಂತ್ರ ಕೆಟ್ಟಿದೆಯೆಂದು ಮಾರಾಟಗಾರರಿಗೆ ಬರೆದೆ, ‘ತಾಳ್ಮೆಯಿಂದ ಮುಂದುವರಿಸಿ’ ಎಂಬ ಉತ್ತರ ಬಂತು. ನನಗೆ ಸಿಟ್ಟು ಬಂದದ್ದು ಇದಕ್ಕೇ, ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು. ವೈದ್ಯರು ಫೋನಿನಲ್ಲಿ ಅದನ್ನೇ ಕೇಳಿದರು: ‘ಯಾವ ನೀರು ಹಾಕುತ್ತಿದ್ದೀರಿ ನೀವು?’

ನಮ್ಮದು ಚಿರೇಕಲ್ಲಿನ ನೆಲದ ಬಾವಿ. ಮಳೆ ತುಂಬಿಸುವ ನೀರು, ಸೋಪು ಹಚ್ಚಿದರೆ ನೊರೆಯೋ ನೊರೆ. ಅಂಥ ಮೆದು ನೀರಿನಲ್ಲಿ ಲವಣ ಕಡಿಮೆ, ಲವಣವಿಲ್ಲದೆ ವಿದ್ಯುತ್ತು ಸರಿಯಾಗಿ ಹರಿಯುವುದಿಲ್ಲ. ವೈದ್ಯರ ಮಾತಿನಂತೆ ಯಂತ್ರ ಆರಿಸಿ, ಪ್ರತಿ ತಟ್ಟೆಗೆ ಕಾಲು ಚಮಚ ಅಡಿಗೆ ಸೋಡಾ ಕರಗಿಸಿ, ಶೂನ್ಯದಿಂದ ನಿಧಾನವಾಗಿ ಏರಿಸಿದೆ. ಮೀಟರು ಸಲೀಸಾಗಿ 15 ಮುಟ್ಟಿತು. ಕೈಯಲ್ಲಿ ಇರುವೆ ಹರಿದಂತಾಯಿತು. ನಿಜವಾದ ಚಿಕಿತ್ಸೆ ಶುರುವಾದದ್ದು ಅವತ್ತು.

ಅಲ್ಲಿಂದ ಪ್ರತಿ ಸಂಜೆ ಹಳೆಯ ಲೆಕ್ಕದ ಹಾಳೆಯನ್ನು ಎರಡು ನಿಮಿಷ ಹಿಡಿದು ನೋಡುತ್ತಿದ್ದೆ. ಏಳನೆಯ ಸಲದ ಹೊತ್ತಿಗೆ ಅಂಗೈಯ ಪೂರ್ತಿ ಅಚ್ಚು ಬೆರಳತುದಿಯ ಕಲೆಗಳಿಗೆ ಇಳಿಯಿತು, ಹನ್ನೊಂದನೆಯ ಸಲಕ್ಕೆ ಹಾಳೆ ಒಣಗಿಯೇ ಉಳಿಯಿತು. ಅಂಗಾಲಿಗೆ 20 ಮಿಲಿಆಂಪಿಯರ್ ಬೇಕಾಯಿತು, ಇನ್ನೂ ಮೂರು ವಾರ ಹಿಡಿಯಿತು, ಅಲ್ಲಿನ ಚರ್ಮ ದಪ್ಪ. ಒಮ್ಮೆ ತದಡಿ ಬಳಿಯ ಅಕ್ಕನ ಮನೆಗೆ ಯಂತ್ರ ಒಯ್ದಿದ್ದೆ. ಬೇಸಿಗೆಯಲ್ಲಿ ಅವರ ಬಾವಿಗೆ ಉಪ್ಪು ಏರುತ್ತದೆ. ಗುಂಡಿ ಮುಟ್ಟುತ್ತಲೇ ಮೀಟರು ಹಾರಿ ಕೈ ಚುರುಗುಟ್ಟಿತು. ಆದ್ದರಿಂದ ನೋಡಬೇಕಾದದ್ದು ಗುಂಡಿಯನ್ನಲ್ಲ, ಮೀಟರನ್ನು.

ಅಡಿಕೆ ಸುಲಿದು ಗೀರಾದ ಬೆರಳಿಗೆ ವ್ಯಾಸಲೀನ್ ಸವರದೆ ಕೂತರೆ ಉರಿ ಅಲ್ಲಿಗೇ ಬಂದು ಸೇರುತ್ತದೆ. ಉಂಗುರ, ಬಳೆ ತೆಗೆದಿಡಬೇಕು. ಹರಿವು ಇರುವಾಗ ಕೈ ಎತ್ತಿದರೆ ಜುಮ್ಮೆಂದು ಹೊಡೆಯುತ್ತದೆ, ಮಳೆಗಾಲದಲ್ಲಿ ಕರೆಂಟು ಹೋದಾಗಲೂ ಹಾಗೆಯೇ, ಆದ್ದರಿಂದ ಗುಡುಗಿನ ದಿನ ನಾನು ಕೂರುವುದಿಲ್ಲ. ಪೇಸ್‌ಮೇಕರ್ ಇದ್ದವರು, ಕೈಕಾಲಿನ ಮೂಳೆಗೆ ಲೋಹ ಹಾಕಿಸಿಕೊಂಡವರು, ಗರ್ಭಿಣಿಯರು ಇದನ್ನು ಬಳಸಬಾರದು.

ಗ್ಲೈಕೊಪೈರೋಲೇಟ್ ಮಾತ್ರೆಯನ್ನೂ ಒಂದು ತಿಂಗಳು ನುಂಗಿದ್ದೆ. ಕೈ ಒಣಗಿತು, ಜೊತೆಗೆ ಬಾಯಿಯೂ ಒಣಗಿ ಅನ್ನ ಇಳಿಯುತ್ತಿರಲಿಲ್ಲ, ಬಿಟ್ಟೆ. ಬೊಟಾಕ್ಸ್ ಚುಚ್ಚುಮದ್ದು ಕೆಲವು ತಿಂಗಳಿಗಷ್ಟೇ, ಹಿಡಿತ ಸಡಿಲವಾಗಲೂಬಹುದು, ದಿನವಿಡೀ ಬರೆಯುವ ನನಗೆ ಅದು ಬೇಡವಾಯಿತು. ಎದೆಯೊಳಗಿನ ನರ ಕತ್ತರಿಸುವ ಶಸ್ತ್ರಚಿಕಿತ್ಸೆಯನ್ನು ಮನೆಯವರು ಒತ್ತಾಯಿಸಿದ್ದರು. ಅಂಗೈ ಖಂಡಿತ ಒಣಗುತ್ತದೆ, ಆದರೆ ಬಹಳ ಜನರಿಗೆ ಬೆನ್ನು, ಹೊಟ್ಟೆ, ತೊಡೆಯಲ್ಲಿ ಬೆವರು ಹೆಚ್ಚುತ್ತದೆ, ಕತ್ತರಿಸಿದ್ದನ್ನು ಮರಳಿ ಪಡೆಯಲಾಗದು ಎಂದು ವೈದ್ಯರು ಬಿಡಿಸಿ ಹೇಳಿದ ಮೇಲೆ ಆ ಮಾತು ನಿಂತಿತು.

ಈಗ ಪ್ರತಿ ಭಾನುವಾರ ಬೆಳಿಗ್ಗೆ ಒಂದು ಸಲ ಕೂರುತ್ತೇನೆ. ಕಳೆದ ವರ್ಷ ತಂಗಿಯ ಮದುವೆಯ ಗಡಿಬಿಡಿಯಲ್ಲಿ ಮೂರು ಭಾನುವಾರ ತಪ್ಪಿದವು. ನಾಲ್ಕನೆಯ ಸೋಮವಾರ ಬೆರಳಚ್ಚು ಯಂತ್ರ ಮತ್ತೆ ನನ್ನನ್ನು ಗುರುತಿಸಲಿಲ್ಲ.